ಅಪಘಾತ ಕಂಡವರ ಹೇಳಿಕೆಯನ್ನು ವಿಮಾ ಕಂಪನಿಗೆ ತಿದ್ದಿ ಬರೆಯುವುದು ಹೇಗೆ: ಹಂತ ಹಂತವಾಗಿ

ಅಪಘಾತ ಕಂಡವರ ಹೇಳಿಕೆಯನ್ನು ತಿದ್ದಲು ಕೂತವರು ಸಾಮಾನ್ಯವಾಗಿ ಒಂದೇ ಕೆಲಸ ಮಾಡುತ್ತಾರೆ. ಬೈಗುಳ ತೆಗೆಯುತ್ತಾರೆ. "ಆ ಕಾರಿನವನು" ಇದ್ದಲ್ಲಿ "ಕಾರಿನ ಚಾಲಕರು" ಅಂತ ಹಾಕುತ್ತಾರೆ. "ಯಮನ ಥರ ಬಂದ" ಇದ್ದಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ ಬಂದರು" ಅಂತ ಬರೆಯುತ್ತಾರೆ. ಓದಲು ಮರ್ಯಾದೆಯಾಗಿ ಕಾಣುತ್ತದೆ. ಆರೋಪ ಮಾತ್ರ ಇದ್ದಲ್ಲೇ ಇದೆ, ಬಟ್ಟೆ ಬದಲಾಯಿಸಿಕೊಂಡಿದೆ ಅಷ್ಟೇ.

ಕಂಪನಿಯ ಸರ್ವೇಯರೋ ಇನ್ವೆಸ್ಟಿಗೇಟರೋ ಇಂಥ ವಾಕ್ಯ ಓದಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಇದು ನಿಮಗೆ ಹೇಗೆ ಗೊತ್ತು?" ಉತ್ತರ ಕಾಗದದಲ್ಲೇ ಇರಬೇಕು. ಇಲ್ಲದಿದ್ದರೆ ಹೇಳಿಕೆಯಲ್ಲಿರುವ ನಿಜವಾದ ಸಂಗತಿಗಳ ಮೇಲೂ ನಂಬಿಕೆ ಹೋಗುತ್ತದೆ.

ಹಾಗಾಗಿ ಈ ಕೆಲಸದಲ್ಲಿ ಭಾಷೆ ತಿದ್ದುವುದು ಕೊನೆಗೆ ಬರುತ್ತದೆ. ಮೊದಲು ಸಾಕ್ಷಿ ಏನು ಕಂಡರು, ಎಲ್ಲಿ ನಿಂತು ಕಂಡರು, ಏನನ್ನು ಕಾಣಲಿಲ್ಲ ಅನ್ನುವುದನ್ನು ಹೊರಗೆ ತರಬೇಕು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ. ಕ್ರಮ ತಪ್ಪಿಸಬೇಡಿ.

## ಶುರು ಮಾಡುವ ಮುಂಚೆ ಕೈಯಲ್ಲಿ ಏನಿರಬೇಕು

ಸಾಕ್ಷಿಯ ಮೂಲ ಹೇಳಿಕೆ ಬೇಕು. ಅವರು ಬರೆದ ಚೀಟಿಯಾಗಲಿ, ವಾಟ್ಸಾಪ್ ವಾಯ್ಸ್ ಆಗಲಿ, ಅವರ ಒಪ್ಪಿಗೆ ಪಡೆದು ಮಾಡಿದ ರೆಕಾರ್ಡಿಂಗ್ ಆಗಲಿ, ಯಾವುದಾದರೂ ಸರಿ. ಎರಡು ಬಣ್ಣದ ಪೆನ್ನು, ನಾಲ್ಕೈದು ಬಿಳಿ ಹಾಳೆ ಇಟ್ಟುಕೊಳ್ಳಿ. ಸಾಕ್ಷಿಯ ಮೊಬೈಲ್ ಜೊತೆಗಿರಲಿ. ಅದು ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಎಫ್‌ಐಆರ್ ಪ್ರತಿ, ಮಹಜರು, ಪೊಲೀಸರು ಬರೆದ ನಕ್ಷೆ ಇದ್ದರೆ ಅವನ್ನು ಮೊದಲು ಓದಬೇಡಿ. ಓದಿದರೆ ಅದರಲ್ಲಿರುವ ದೂರ, ದಿಕ್ಕು, ಪದ ಎಲ್ಲ ಗೊತ್ತಿಲ್ಲದೇ ಸಾಕ್ಷಿಯ ಬಾಯಿಗೆ ಬಂದುಬಿಡುತ್ತವೆ. ಅವನ್ನು ಕೊನೆಯಲ್ಲಿ ಹೋಲಿಸಿ ನೋಡೋಣ.

ಒಂದು ವಿಷಯ ಮೊದಲೇ ತಿಳಿದಿರಲಿ. ಪೊಲೀಸರು ತನಿಖೆ ವೇಳೆ ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವುದಿಲ್ಲ, ಕಾನೂನೇ ಹಾಗಿದೆ. ವಿಮಾ ಕಂಪನಿಗೆ ಕೊಡುವ ಹೇಳಿಕೆಗೆ ಸಹಿ ಇರುತ್ತದೆ. ನಾಳೆ ಪ್ರಕರಣ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರೆ, ಪಾಟೀಸವಾಲಿನಲ್ಲಿ ವಕೀಲರು ಇದೇ ಹಾಳೆಯನ್ನು ಸಾಕ್ಷಿಯ ಮುಂದೆ ಹಿಡಿಯಬಹುದು. ಅದಕ್ಕೇ ಇಷ್ಟು ಎಚ್ಚರಿಕೆ.

## ಹಂತ 1: ಮೂಲವನ್ನು ಮುಟ್ಟಬೇಡಿ

ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಒಂದು ಹಾಳೆಯಲ್ಲಿ ಬರೆಯಿರಿ. ಅಳು, ಬೈಗುಳ, "ಅಯ್ಯೋ" ಎಲ್ಲ ಇರಲಿ. ಮೇಲೆ ದಿನಾಂಕ ಹಾಕಿ ಪಕ್ಕಕ್ಕಿಡಿ. ಮುಂದೆ ಯಾರಾದರೂ "ನೀವೇ ಹೇಳಿಕೊಟ್ಟಿದ್ದೀರಿ" ಅಂದರೆ ತೋರಿಸಲು ಇದೊಂದೇ ಆಧಾರ.

ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಇದು ನಾನು ಕಟ್ಟಿದ ಪ್ರಸಂಗ, ನಿಜವಾಗಿ ನಡೆದದ್ದಲ್ಲ. ಆದರೆ ಇದರಲ್ಲಿರುವ ಒಂದೊಂದು ವಾಕ್ಯವನ್ನೂ ಇಂಥ ಹೇಳಿಕೆಗಳಲ್ಲಿ ನೀವು ಕೇಳಿಯೇ ಇರುತ್ತೀರಿ. ತಿಪಟೂರು–ಅರಸೀಕೆರೆ ರಸ್ತೆಗೆ ಒಂದು ಹಳ್ಳಿ ರಸ್ತೆ ಬಂದು ಸೇರುವ ಜಾಗ. ಎದುರಿಗೆ ಎಳನೀರು ಮಾರುವ ಹೆಂಗಸಿನ ಅಂಗಡಿ. ಕಾರು ಮತ್ತು ಶಾಲೆಯ ಮೇಷ್ಟ್ರೊಬ್ಬರ ಸ್ಕೂಟರ್ ಡಿಕ್ಕಿಯಾಗಿದೆ. ಆಕೆಯ ಮೊದಲ ಮಾತು ಹೀಗಿದೆ:

> "ಅಯ್ಯೋ ಏನ್ ಹೇಳ್ಲಿ ಸ್ವಾಮಿ. ಆ ಕಾರಿನವನು ಯಮನ ಥರ ಬಂದ. ನೂರರ ಮೇಲಿತ್ತು ಸ್ಪೀಡು. ಪಾಪ ಮೇಷ್ಟ್ರು ಇಂಡಿಕೇಟರ್ ಹಾಕ್ಕೊಂಡು ನಿಧಾನಕ್ಕೆ ತಿರುಗಿಸ್ತಾ ಇದ್ರು. ಹಾರನ್ ಇಲ್ಲ, ಬ್ರೇಕ್ ಇಲ್ಲ, ಬಂದು ಗುದ್ದೇ ಬಿಟ್ಟ. ಫೋನಲ್ಲಿ ಮಾತಾಡ್ತಾ ಇದ್ದನಂತೆ. ಕುಡಿದೂ ಇದ್ದ ಅನ್ಸುತ್ತೆ. ಹೆಲ್ಮೆಟ್ ಹಾಕಿದ್ರೂ ತಲೆಗೆ ಏಟು ಬಿತ್ತು. ರಕ್ತ ನೋಡಿ ನನ್ನ ಕೈಕಾಲು ನಡುಗಿಹೋಯ್ತು. ಇಂಥವನನ್ನ ಬಿಡಬಾರದು."

## ಹಂತ 2: ಒಂದೊಂದು ಮಾತಿಗೂ ಗುರುತು ಹಾಕಿ

ಈಗ ಪೆನ್ನು ತೆಗೆದುಕೊಳ್ಳಿ. ಪ್ರತಿ ಮಾತಿನ ಪಕ್ಕ ಒಂದು ಅಕ್ಷರ ಬರೆಯಿರಿ. ಕಣ್ಣಾರೆ ಕಂಡದ್ದಕ್ಕೆ "ಕ", ಕಿವಿಯಾರೆ ಕೇಳಿದ ಶಬ್ದಕ್ಕೆ "ಶ", ಬೇರೆಯವರು ಹೇಳಿದ್ದಕ್ಕೆ "ಬೇ", ಊಹೆಗೆ "ಊ", ಮನಸ್ಸಿಗೆ ಆದದ್ದಕ್ಕೆ "ಮ". ಯಾವುದು ಅಂತ ಗೊತ್ತಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಸುಮ್ನೆ ಒಂದು ಅಕ್ಷರ ಹಾಕಿ ಮುಂದೆ ಹೋಗಬೇಡಿ.

ನಮ್ಮ ಉದಾಹರಣೆಯಲ್ಲಿ "ಫೋನಲ್ಲಿ ಮಾತಾಡ್ತಾ ಇದ್ದನಂತೆ" ಸುಲಭ. ಆಕೆಯೇ "ಅಂತೆ" ಹಾಕಿದ್ದಾರೆ, ಅದು "ಬೇ". ಇಲ್ಲೇ ದೊಡ್ಡ ತಪ್ಪು ಆಗುವುದು. ಆಡುಮಾತನ್ನು ಬರವಣಿಗೆಗೆ ತರುವಾಗ ಜನ ಆ "ಅಂತೆ"ಯನ್ನು ಸರಾಗವಾಗಿ ಬಿಟ್ಟು, "ಚಾಲಕರು ಫೋನಿನಲ್ಲಿ ಮಾತನಾಡುತ್ತಿದ್ದರು" ಅಂತ ಬರೆದುಬಿಡುತ್ತಾರೆ. ಒಂದು ಪದ ಹೋಗಿದ್ದಕ್ಕೆ ಕೇಳಿದ ಸುದ್ದಿ ಕಣ್ಣಾರೆ ಕಂಡದ್ದಾಗಿಬಿಟ್ಟಿತು.

"ಕುಡಿದಿದ್ದ ಅನ್ಸುತ್ತೆ", "ನೂರರ ಮೇಲಿತ್ತು", "ಯಮನ ಥರ" ಮೂರೂ "ಊ". ಕೈಕಾಲು ನಡುಗಿದ್ದು "ಮ". "ಬಿಡಬಾರದು" ಯಾವುದಕ್ಕೂ ಸೇರದು, ಅದು ಬೇಡಿಕೆ.

ಉಳಿದ ಇಂಡಿಕೇಟರ್, ಹಾರನ್, ಬ್ರೇಕ್, ಹೆಲ್ಮೆಟ್ ನಾಲ್ಕಕ್ಕೂ "ಕ" ಅಥವಾ "ಶ" ಹಾಕಲು ಕೈ ಹೋಗುತ್ತದೆ ಅಲ್ವಾ? ತಡೆಯಿರಿ. ನಾಲ್ಕಕ್ಕೂ ಪ್ರಶ್ನಾರ್ಥಕ ಚಿಹ್ನೆ ಹಾಕಿ.

## ಹಂತ 3: ಸಾಕ್ಷಿಯನ್ನು ಕೇಳಿ, ಆದರೆ ಉತ್ತರ ಕೊಟ್ಟು ಕೇಳಬೇಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯಬೇಕಾದ ಹಂತ ಇದು. ಜನ ಬಿಟ್ಟುಬಿಡುವುದೂ ಇದನ್ನೇ. ಮೂಲ ಹೇಳಿಕೆ ಕೈಯಲ್ಲಿದೆ ಅಂತ ಮನೆಗೆ ಹೋಗಿ ಕೂತು ತಿದ್ದುತ್ತಾರೆ. ಸಾಕ್ಷಿ ಎದುರಿಗಿಲ್ಲದೇ ತಿದ್ದಿದ ಹೇಳಿಕೆ ತಿದ್ದಿದವರ ಹೇಳಿಕೆಯಾಗುತ್ತದೆ.

"ಕಾರು ಜೋರಾಗಿ ಬಂತು ಅಲ್ವಾ?" ಅಂತ ಕೇಳಿದರೆ "ಹೂಂ" ಅನ್ನದೇ ಏನು ಮಾಡುತ್ತಾರೆ. ಹೌದು–ಇಲ್ಲ ಅನ್ನುವ ಪ್ರಶ್ನೆ ಬಿಡಿ. ಡಿಕ್ಕಿಯ ಬಗ್ಗೆಯೇ ಮೊದಲು ಕೇಳಬೇಡಿ. ಅದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಿ.

ನನ್ನ ಪ್ರಕಾರ ಅತ್ಯಂತ ಉಪಯೋಗದ ಪ್ರಶ್ನೆ ಇದು: "ಆ ಶಬ್ದ ಕೇಳುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಿತ್ತು?" ಕೈಯಲ್ಲಿ ಏನಿತ್ತು ಅನ್ನುವುದು ನೆನಪಾದರೆ ಕಣ್ಣು ಎಲ್ಲಿತ್ತು ಅನ್ನುವುದೂ ನೆನಪಾಗುತ್ತದೆ. ಎಳನೀರಿನ ಆಕೆಯ ಉತ್ತರ ನೋಡಿ:

"ಮಚ್ಚಿತ್ತು. ಎಳನೀರು ಕೊಚ್ತಾ ಇದ್ದೆ. ಢಂ ಅಂತು, ತಲೆ ಎತ್ತಿ ನೋಡಿದೆ."

ಮಚ್ಚು ಹಿಡಿದು ಕಾಯಿ ಕೊಚ್ಚುವವರ ಕಣ್ಣು ಕಾಯಿಯ ಮೇಲಿರುತ್ತದೆ. ಅಂದರೆ ಆಕೆ ಡಿಕ್ಕಿ ಆಗುವುದನ್ನು ನೋಡಿಲ್ಲ. ಕಾರು ಬರುವುದನ್ನೂ ನೋಡಿಲ್ಲ. ಆಕೆ ಸುಳ್ಳು ಹೇಳಿದ್ದಾರೆ ಅಂತಲ್ಲ. ಶಬ್ದ, ಬಿದ್ದ ಮನುಷ್ಯ, ರಕ್ತ ಇವೆಲ್ಲ ಸೇರಿ ಮನಸ್ಸು ಮುಂಚಿನ ದೃಶ್ಯವನ್ನು ತಾನೇ ತುಂಬಿಸಿಕೊಂಡಿದೆ. ಬಹಳ ಸಾಕ್ಷಿಗಳಿಗೆ ಹೀಗೇ ಆಗುತ್ತದೆ, ಅದು ಅವರಿಗೆ ಗೊತ್ತೂ ಆಗುವುದಿಲ್ಲ.

ಇಲ್ಲಿ ನಿರಾಸೆಯಾಗಿ "ಹಾಗಾದರೆ ಇವರ ಹೇಳಿಕೆ ಪ್ರಯೋಜನವಿಲ್ಲ" ಅಂದುಕೊಳ್ಳಬೇಡಿ. ಉಳಿದ ಪ್ರಶ್ನೆಗಳಿಂದ ಏನೇನು ಸಿಗುತ್ತದೆ ನೋಡಿ.

"ಅದಕ್ಕೆ ಮುಂಚೆ ತಲೆ ಎತ್ತಿದಾಗ ರಸ್ತೆಯಲ್ಲಿ ಏನು ಕಂಡಿತ್ತು?" ಉತ್ತರ: ಮೇಷ್ಟ್ರು ಹಳ್ಳಿ ರಸ್ತೆಯ ಬಾಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು, ಒಂದು ಕಾಲು ನೆಲಕ್ಕೆ ಊರಿದ್ದರು. ಇದು ಚಿನ್ನದಂಥ ಸಂಗತಿ. ಸ್ಕೂಟರ್ ಮುಖ್ಯ ರಸ್ತೆಗೆ ಬರುವ ಮುಂಚೆ ನಿಂತಿತ್ತು. ಮೂಲ ಹೇಳಿಕೆಯಲ್ಲಿ ಇದು ಇರಲೇ ಇಲ್ಲ.

"ಅದನ್ನು ಕಂಡದ್ದಕ್ಕೂ ಶಬ್ದಕ್ಕೂ ನಡುವೆ ಎಷ್ಟು ಹೊತ್ತು?" ಉತ್ತರ: "ಒಂದು ಕಾಯಿ ಕೊಚ್ಚೋ ಅಷ್ಟು." ಇದನ್ನು "ಸುಮಾರು 15 ಸೆಕೆಂಡ್" ಅಂತ ಬದಲಾಯಿಸಬೇಡಿ. ಆಕೆಗೆ ಗೊತ್ತಿರುವ ಅಳತೆ ಕಾಯಿಯದ್ದು. ಬೇಕಾದರೆ ಇನ್ವೆಸ್ಟಿಗೇಟರ್ ಒಂದು ಎಳನೀರು ಕೊಚ್ಚಿಸಿ ಗಡಿಯಾರ ನೋಡಿಕೊಳ್ಳಲಿ.

"ಇಂಡಿಕೇಟರ್ ಯಾವಾಗ ನೋಡಿದಿರಿ?" ಉತ್ತರ: ಓಡಿ ಹತ್ತಿರ ಹೋದಾಗ. ಸ್ಕೂಟರ್ ಎಡಬದಿಗೆ ಬಿದ್ದಿತ್ತು, ಮೇಲಿದ್ದ ಹಿಂದಿನ ಬಲ ಇಂಡಿಕೇಟರ್ ಇನ್ನೂ ಮಿನುಗುತ್ತಿತ್ತು. "ಇಂಡಿಕೇಟರ್ ಹಾಕಿದ್ದರು" ಅನ್ನುವುದಕ್ಕಿಂತ ಇದು ಎಷ್ಟೋ ಗಟ್ಟಿ. ಮೊದಲನೆಯದನ್ನು "ನೀವು ನೋಡಲಿಲ್ಲವಲ್ಲ" ಅಂತ ಒಂದೇ ಮಾತಿನಲ್ಲಿ ಬೀಳಿಸಬಹುದು. ಎರಡನೆಯದನ್ನು ಬೀಳಿಸುವುದು ಕಷ್ಟ.

"ಹಾರನ್, ಬ್ರೇಕ್ ಶಬ್ದ?" ಆಕೆಗೆ ಕೇಳಿಸಲಿಲ್ಲ. ಅಂಗಡಿಯಲ್ಲಿ ಮೊಬೈಲಿನಲ್ಲಿ ಹಾಡು ಹಾಕಿತ್ತು. "ಹಾರನ್ ಮಾಡಲಿಲ್ಲ" ಬೇರೆ, "ನನಗೆ ಹಾರನ್ ಕೇಳಿಸಲಿಲ್ಲ" ಬೇರೆ. ಬ್ರೇಕಿನ ವಿಷಯದಲ್ಲಿ ಇನ್ನೂ ಹುಷಾರು. ಎಬಿಎಸ್ ಇರುವ ಕಾರಿನಲ್ಲಿ ಬಲವಾಗಿ ಬ್ರೇಕ್ ಒತ್ತಿದರೂ ಚಕ್ರ ಪೂರ್ತಿ ಕಚ್ಚಿಕೊಳ್ಳುವುದಿಲ್ಲ. ಹಾಗಾಗಿ ಕಿರ್ರ್ ಅನ್ನುವ ಶಬ್ದ, ರಸ್ತೆ ಮೇಲೆ ದಟ್ಟ ಕಪ್ಪು ಗೆರೆ ಇರಲೇಬೇಕು ಅಂತಿಲ್ಲ.

"ಹೆಲ್ಮೆಟ್ ಎಲ್ಲಿ ನೋಡಿದಿರಿ?" ಉತ್ತರ: ರಸ್ತೆ ಮೇಲೆ, ಮೇಷ್ಟ್ರ ತಲೆಯಿಂದ ಎರಡು ಮಾರು ದೂರ ಬಿದ್ದಿತ್ತು. ತಲೆಯ ಮೇಲೆ ಇದ್ದದ್ದನ್ನು ನೋಡಿದ ನೆನಪಿಲ್ಲ. ಹಾಕಿ ಕಳಚಿಕೊಂಡಿರಬಹುದು, ಸ್ಕೂಟರಿಗೆ ಸಿಕ್ಕಿಸಿದ್ದು ಬಿದ್ದಿರಬಹುದು. ಆಕೆಗೆ ಗೊತ್ತಿರುವುದು ಬಿದ್ದಿದ್ದ ಜಾಗ ಮಾತ್ರ.

ಗಾಯಾಳುವಿನ ಕಡೆಯವರು ಇಲ್ಲಿ ಜಗಳ ತೆಗೆಯುತ್ತಾರೆ. "ಇದನ್ನು ಬರೆದರೆ ಪರಿಹಾರ ಕಡಿಮೆ ಮಾಡ್ತಾರೆ, ಬಿಟ್ಟುಬಿಡಿ" ಅಂತಾರೆ. ಅವರ ಭಯ ಪೂರ್ತಿ ತಪ್ಪಲ್ಲ. ಗಾಯಾಳುವಿನದ್ದೂ ತಪ್ಪಿನಲ್ಲಿ ಪಾಲಿದೆ ಅಂತ ಸಾಬೀತಾದರೆ ನ್ಯಾಯಮಂಡಳಿ ಅಷ್ಟು ಭಾಗ ಕಳೆಯಬಹುದು. ಆದರೂ ಬರೆಯಿರಿ. ಹೆಲ್ಮೆಟ್ ಬಿದ್ದಿದ್ದು ಬೇರೆಯವರ ಫೋಟೋದಲ್ಲಿ ಇದ್ದು, ಆಕೆಯ ಹೇಳಿಕೆಯಲ್ಲಿ ಮಾತ್ರ ಇಲ್ಲದಿದ್ದರೆ, ಆಕೆ ಒಂದು ಪಕ್ಷ ಹಿಡಿದವರು ಅನ್ನಿಸುತ್ತದೆ. ಆಮೇಲೆ ಇಂಡಿಕೇಟರಿನ ಮಾತನ್ನೂ ಯಾರೂ ನಂಬುವುದಿಲ್ಲ.

ಇನ್ನು ಸಮಯ. "ಸಂಜೆ ಐದೂವರೆ ಇರಬಹುದು" ಅಂದರು. ಈಗ ಮೊಬೈಲ್ ತೆಗೆಸಿ. ಶಬ್ದಕ್ಕೆ ಸ್ವಲ್ಪ ಮುಂಚೆ ಒಬ್ಬ ಗಿರಾಕಿ ಯುಪಿಐನಲ್ಲಿ ಹಣ ಹಾಕಿದ್ದ, ಅದರ ಸಮಯ 5:31. ಆಕೆ 108ಕ್ಕೆ ಫೋನ್ ಮಾಡಿದ ಸಮಯ ಕಾಲ್ ಲಿಸ್ಟಿನಲ್ಲಿ 5:36. ಅಪಘಾತ ಈ ಎರಡರ ನಡುವೆ ಆಗಿದೆ. ಎರಡರ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನ್ ಬದಲಾಯಿಸಿದರೆ, ಹಳೆಯ ಕರೆಗಳು ಅಳಿಸಿಹೋದರೆ ಮತ್ತೆ ಸಿಗುವುದು ಕಷ್ಟ.

## ಹಂತ 4: ನಿಂತ ಜಾಗದ ನಕ್ಷೆ ಬರೆಯಿಸಿ

ಒಂದು ಹಾಳೆಯಲ್ಲಿ ಸಾಕ್ಷಿಯ ಕೈಯಿಂದಲೇ ರಸ್ತೆ ಬರೆಸಿ. ಚಂದ ಇರಬೇಕಾಗಿಲ್ಲ. ಮುಖ್ಯ ರಸ್ತೆ, ಹಳ್ಳಿ ರಸ್ತೆ, ಅಂಗಡಿ, ಲೈಟ್ ಕಂಬಗಳು, ಸ್ಕೂಟರ್ ಬಿದ್ದ ಜಾಗ, ಕಾರು ನಿಂತ ಜಾಗ. ಆಕೆ ನಿಂತಿದ್ದಲ್ಲಿ ಒಂದು ಅಡ್ಡ ಗುರುತು, ಮುಖ ಯಾವ ಕಡೆ ಇತ್ತು ಅಂತ ಒಂದು ಬಾಣ.

"ಎಡಗಡೆ", "ಬಲಗಡೆ" ಅಂತ ಸುಮ್ಮನೆ ಬರೆಯಬೇಡಿ. ಆಕೆಯ ಎಡ ಚಾಲಕರಿಗೆ ಬಲ ಆಗಬಹುದು. "ತಿಪಟೂರಿನಿಂದ ಅರಸೀಕೆರೆ ಕಡೆಗೆ ಹೋಗುವಾಗ ಎಡಗಡೆ" ಅಂತ ಪೂರ್ತಿ ಬರೆಯಿರಿ. "ರಾಂಗ್ ಸೈಡಲ್ಲಿ ಬಂದ" ಅನ್ನುವುದೂ ಹೀಗೇ. ಯಾವ ಊರಿನ ಕಡೆಗೆ ಮುಖ ಮಾಡಿದ್ದ ವಾಹನ, ರಸ್ತೆಯ ಯಾವ ಬದಿಯಲ್ಲಿತ್ತು ಅಂತ ಹೇಳಿದರೆ ರಾಂಗೋ ರೈಟೋ ಓದುವವರಿಗೇ ಗೊತ್ತಾಗುತ್ತದೆ.

ದೂರಕ್ಕೆ ಮೀಟರ್ ಲೆಕ್ಕ ಹಿಂಡಬೇಡಿ. "ಹಳ್ಳಿ ರಸ್ತೆಯ ಬಾಯಿಂದ ಅರಸೀಕೆರೆ ಕಡೆಗೆ ಎರಡನೇ ಲೈಟ್ ಕಂಬದ ಹತ್ತಿರ ಕಾರು ನಿಂತಿತ್ತು" ಅಂದರೆ ಸಾಕು. ಕಂಬ ಎಲ್ಲೂ ಹೋಗುವುದಿಲ್ಲ, ಟೇಪ್ ಹಿಡಿದು ಅಳೆಯುವವರು ಅಳೆಯುತ್ತಾರೆ. "ಸುಮಾರು 40 ಮೀಟರ್" ಅಂತ ಬರೆದು, ಅಳೆದಾಗ 65 ಬಂದರೆ ಪೇಚಿಗೆ ಸಿಗುವುದು ಸಾಕ್ಷಿ.

## ಹಂತ 5: ತೀರ್ಪಿನ ಪದಗಳನ್ನು ಹುಡುಕಿ ತೆಗೆಯಿರಿ

ಈಗ ಭಾಷೆಗೆ ಬರೋಣ. ಬೈಗುಳ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದೇ ಉಳಿಯುವುದು ಸಭ್ಯವಾಗಿ ಕಾಣುವ ತೀರ್ಪಿನ ಮಾತುಗಳು.

ಮೊದಲನೆಯದು "ಅತಿವೇಗ ಮತ್ತು ಅಜಾಗರೂಕತೆ". ಪೊಲೀಸ್ ದೂರಿನಲ್ಲಿ ಈ ಜೋಡಿ ಪದ ಇದ್ದೇ ಇರುತ್ತದೆ. ಅಪರಾಧದ ಕಲಮಿಗೇ ಅಂಥ ಮಾತು ಬೇಕು. ಈಗಿನ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು, ಹಿಂದಿನ ಐಪಿಸಿಯ 279, ಅದನ್ನೇ ಹೇಳುತ್ತದೆ. ಹಾಗಂತ ಅದು ಸಾಕ್ಷಿ ಕಂಡ ಸಂಗತಿ ಅಲ್ಲ. ಕಂಡ ಸಂಗತಿಗಳನ್ನೆಲ್ಲ ಇಟ್ಟುಕೊಂಡು ಬೇರೆಯವರು ಕೊಡಬೇಕಾದ ತೀರ್ಮಾನ.

ವೇಗದ ಬಗ್ಗೆ ಒಂದು ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ, 80ರಲ್ಲಿದ್ದರೆ ಸುಮಾರು 22 ಮೀಟರ್. ರಸ್ತೆ ಬದಿಯಲ್ಲಿ ನಿಂತು ಒಂದು ಕ್ಷಣ ನೋಡಿದವರು ಈ ವ್ಯತ್ಯಾಸ ಹೇಳುವುದು ಆಗದ ಮಾತು. ನೋಡಿಯೇ ಇಲ್ಲದವರಂತೂ ಹೇಳಲೇಬಾರದು. ಸಾಕ್ಷಿ ಕಾರನ್ನು ನಿಜವಾಗಿ ಕಂಡಿದ್ದರೆ, ಪಕ್ಕದ ವಾಹನಗಳಿಗೆ ಹೋಲಿಸಿ ಹೇಳಲಿ: "ಅದೇ ಕಡೆಗೆ ಹೋಗುತ್ತಿದ್ದ ಲಾರಿಯನ್ನು ಹಿಂದೆ ಹಾಕಿ ಬಂತು." ಇಷ್ಟು ಸಾಕು.

"ಏಕಾಏಕಿ", "ಬೇಕಂತಲೇ", "ಏನೂ ನೋಡದೆ", "ಗಮನಿಸದೆ" ಇವೆಲ್ಲ ಚಾಲಕರ ತಲೆಯೊಳಗೆ ಇಣುಕುವ ಪದಗಳು. ತೆಗೆಯಿರಿ. "ಪಾಪ", "ಅಮಾಯಕ" ಕೂಡ ಹೋಗಲಿ, ಅವು ಆರೋಪವನ್ನು ಹಿಂಬಾಗಿಲಿನಿಂದ ತರುತ್ತವೆ. "ಗುದ್ದೇ ಬಿಟ್ಟ", "ನುಗ್ಗಿಸಿಬಿಟ್ಟ" ಅನ್ನುವಲ್ಲಿ "ಬಿಟ್ಟ" ಹಾಕಿದ ಕೂಡಲೇ ಸಿಟ್ಟು ಬಂದು ಸೇರುತ್ತದೆ. "ಡಿಕ್ಕಿಯಾಯಿತು" ಸಾಕು.

ಇದರ ಎದುರು ತಪ್ಪೂ ಉಂಟು. ತಟಸ್ಥವಾಗಿರಬೇಕು ಅಂತ ಹೆದರಿ, "ಸದರಿ ಸ್ಥಳದಲ್ಲಿ ಎರಡು ವಾಹನಗಳ ನಡುವೆ ಅಪಘಾತ ಸಂಭವಿಸಿ ಗಾಯಗಳಾದವು" ಅಂತ ಬರೆದು ಮುಗಿಸುತ್ತಾರೆ. ಯಾವ ವಾಹನ, ಯಾವ ಭಾಗ, ಯಾರಿಗೆ ಗಾಯ ಒಂದೂ ಇಲ್ಲ. "ಕಾರಿನ ಎಡ ಹೆಡ್‌ಲೈಟ್ ಒಡೆದಿತ್ತು, ಸ್ಕೂಟರಿನ ಬಲಬದಿ ಜಜ್ಜಿತ್ತು" ಅನ್ನುವ ಒಂದು ಸಾಲಿನಿಂದ ಡಿಕ್ಕಿ ಹೇಗಾಯಿತು ಅನ್ನುವುದು ಎಷ್ಟೋ ತಿಳಿಯುತ್ತದೆ. ಅದರಲ್ಲಿ ಸಿಟ್ಟೂ ಇಲ್ಲ, ಹೆದರಿಕೆಯೂ ಇಲ್ಲ.

ಗಾಯದ ಮಾತೂ ಹಾಗೇ. "ತಲೆಬುರುಡೆ ಒಡೆದಿತ್ತು" ಅನ್ನುವುದನ್ನು ವೈದ್ಯರು ಹೇಳಲಿ. "ತಲೆಯ ಹಿಂಭಾಗದಿಂದ ರಕ್ತ ಬರುತ್ತಿತ್ತು, ಕರೆದರೆ ಮಾತಾಡಲಿಲ್ಲ" ಅನ್ನುವುದನ್ನು ಸಾಕ್ಷಿ ಹೇಳಬಹುದು.

## ಹಂತ 6: ಉದ್ದ ವಾಕ್ಯಗಳನ್ನು ಬಿಡಿಸಿ

ನಾವು ಮಾತಾಡುವಾಗ "ಬಂದು, ತಿರುಗಿಸಿ, ಗುದ್ದಿ, ಬಿದ್ದು, ಎದ್ದು ಓಡಿಹೋದ" ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಯಾರು ಬಂದದ್ದು, ಯಾರು ತಿರುಗಿಸಿದ್ದು, ಯಾರು ಬಿದ್ದದ್ದು ಎದುರಿಗಿದ್ದವರಿಗೆ ಹೇಗೋ ತಿಳಿಯುತ್ತದೆ. ಹಾಳೆಯ ಮೇಲೆ ತಿಳಿಯುವುದಿಲ್ಲ. "ತಿರುಗಿಸಲು ಹೋಗಿ ಡಿಕ್ಕಿಯಾಯಿತು" ಅಂದರೆ ತಪ್ಪು ತಿರುಗಿಸಿದವರದ್ದು ಅಂತ ಅರ್ಥ ಬಂದೇ ಬರುತ್ತದೆ, ಬರೆದವರಿಗೆ ಆ ಉದ್ದೇಶ ಇಲ್ಲದಿದ್ದರೂ.

ಒಂದು ವಾಕ್ಯಕ್ಕೆ ಒಂದು ಕೆಲಸ ಸಾಕು. ಪ್ರತಿ ವಾಕ್ಯದಲ್ಲೂ "ಕಾರು", "ಸ್ಕೂಟರ್", "ನಾನು" ಯಾವುದಾದರೊಂದು ಇರಲಿ. "ಅವರು", "ಅದು" ಆದಷ್ಟು ಬೇಡ. ಅದೇ ಪದ ಮತ್ತೆ ಮತ್ತೆ ಬಂದು ಓದಲು ಬೇಸರವಾದರೆ ಆಗಲಿ. ಇದೇನು ಕಥೆಯಲ್ಲವಲ್ಲ.

"ನಾವೆಲ್ಲ ನೋಡಿದೆವು" ಅನ್ನುವುದನ್ನು "ನಾನು ನೋಡಿದೆ" ಮಾಡಿ. ಪಕ್ಕದವರು ನೋಡಿದ್ದರೆ ಅವರ ಹೇಳಿಕೆ ಬೇರೆ ಬರೆಸಬೇಕು. ಫೋನಿನ ಸುದ್ದಿ ಹೇಳಿದ್ದು ಪಂಕ್ಚರ್ ಅಂಗಡಿಯ ಹುಡುಗ ಅಂತ ಗೊತ್ತಾದರೆ, ಕಂಪನಿಯವರು ಮಾತಾಡಿಸಬೇಕಾದದ್ದು ಆ ಹುಡುಗನನ್ನು.

## ಹಂತ 7: ಹೊಸ ಹೇಳಿಕೆ ಬರೆಯಿರಿ

ಮೊದಲು ಸಾಕ್ಷಿ ಯಾರು, ಎಲ್ಲಿದ್ದರು, ಯಾರನ್ನು ಬಲ್ಲರು. ಆಮೇಲೆ ಬೆಳಕು, ರಸ್ತೆ. ಆಮೇಲೆ ಡಿಕ್ಕಿಗೆ ಮುಂಚೆ, ಡಿಕ್ಕಿ, ಡಿಕ್ಕಿಯ ನಂತರ. ಕೊನೆಗೆ ತಾನು ಕಾಣದ್ದು. ನಮ್ಮ ಉದಾಹರಣೆ ಹೀಗಾಗುತ್ತದೆ:

> ನಾನು ತಿಪಟೂರು–ಅರಸೀಕೆರೆ ರಸ್ತೆಯ ಬದಿಯಲ್ಲಿ ಎಳನೀರು ಅಂಗಡಿ ಇಟ್ಟಿದ್ದೇನೆ. ನನ್ನ ಅಂಗಡಿ ಹಳ್ಳಿ ರಸ್ತೆ ಬಂದು ಸೇರುವ ಜಾಗದ ಎದುರಿಗೆ ಇದೆ. ತಿಪಟೂರಿನಿಂದ ಅರಸೀಕೆರೆ ಕಡೆಗೆ ಹೋಗುವಾಗ ಹಳ್ಳಿ ರಸ್ತೆ ಎಡಗಡೆ, ನನ್ನ ಅಂಗಡಿ ಬಲಗಡೆ ಸಿಗುತ್ತದೆ. ಸ್ಕೂಟರ್ ಸವಾರರು ಶಾಲೆಯ ಮೇಷ್ಟ್ರು. ಅವರು ಆಗಾಗ ನನ್ನ ಅಂಗಡಿಗೆ ಬರುವುದರಿಂದ ಪರಿಚಯ ಇದೆ. ನಮಗೆ ಸಂಬಂಧವಿಲ್ಲ. ಕಾರಿನ ಚಾಲಕರನ್ನು ಮೊದಲು ನೋಡಿರಲಿಲ್ಲ.
>
> 2025ರ ನವೆಂಬರ್ 14ರಂದು ಸಂಜೆ 5:31ಕ್ಕೆ ಒಬ್ಬ ಗಿರಾಕಿ ಯುಪಿಐ ಮೂಲಕ ಹಣ ಕೊಟ್ಟರು. ಆಗ ಇನ್ನೂ ಬಿಸಿಲಿತ್ತು. ಮಳೆ ಇರಲಿಲ್ಲ. ರಸ್ತೆ ಒಣಗಿತ್ತು.
>
> ಅದಾದ ಸ್ವಲ್ಪ ಹೊತ್ತಿಗೆ ಸ್ಕೂಟರ್ ಹಳ್ಳಿ ರಸ್ತೆಯ ಬಾಯಲ್ಲಿ ನಿಂತಿದ್ದನ್ನು ನೋಡಿದೆ. ಸವಾರರು ಒಂದು ಕಾಲು ನೆಲಕ್ಕೆ ಊರಿದ್ದರು. ನಂತರ ನಾನು ತಲೆ ಬಗ್ಗಿಸಿ ಎಳನೀರು ಕೊಚ್ಚತೊಡಗಿದೆ. ಒಂದು ಕಾಯಿ ಕೊಚ್ಚುವಷ್ಟು ಹೊತ್ತಿನಲ್ಲಿ ಜೋರು ಶಬ್ದ ಕೇಳಿ ತಲೆ ಎತ್ತಿದೆ. ಡಿಕ್ಕಿ ಆದದ್ದನ್ನು ನಾನು ನೋಡಿಲ್ಲ. ಡಿಕ್ಕಿಗೆ ಮುಂಚೆ ಕಾರನ್ನು ನೋಡಿಲ್ಲ. ಹಾರನ್ ಅಥವಾ ಬ್ರೇಕಿನ ಶಬ್ದ ನನಗೆ ಕೇಳಿಸಲಿಲ್ಲ. ಆಗ ಅಂಗಡಿಯಲ್ಲಿ ಮೊಬೈಲಿನಲ್ಲಿ ಹಾಡು ಹಾಕಿತ್ತು.
>
> ತಲೆ ಎತ್ತಿದಾಗ ಸ್ಕೂಟರ್ ಮುಖ್ಯ ರಸ್ತೆಯ ಮೇಲೆ, ಹಳ್ಳಿ ರಸ್ತೆಯ ಬದಿಗೆ, ಬಿದ್ದಿತ್ತು. ಬಿಳಿ ಕಾರು ಅರಸೀಕೆರೆ ಕಡೆಗೆ ಮುಂದೆ ಹೋಗಿ ಎರಡನೇ ಲೈಟ್ ಕಂಬದ ಹತ್ತಿರ ನಿಂತಿತು. ನಾನು ಸ್ಕೂಟರ್ ಹತ್ತಿರ ಓಡಿದೆ. ಸ್ಕೂಟರ್ ಎಡಬದಿಗೆ ಬಿದ್ದಿತ್ತು. ಸ್ಕೂಟರಿನ ಬಲಬದಿ ಜಜ್ಜಿತ್ತು. ಹಿಂದಿನ ಬಲ ಇಂಡಿಕೇಟರ್ ಮಿನುಗುತ್ತಿತ್ತು. ಸವಾರರ ತಲೆಯ ಹಿಂಭಾಗದಿಂದ ರಕ್ತ ಬರುತ್ತಿತ್ತು. ಕರೆದರೆ ಸವಾರರು ಮಾತಾಡಲಿಲ್ಲ. ಹೆಲ್ಮೆಟ್ ಸವಾರರ ತಲೆಯಿಂದ ಸುಮಾರು ಎರಡು ಮಾರು ದೂರದಲ್ಲಿ ರಸ್ತೆಯ ಮೇಲಿತ್ತು. ಅದಕ್ಕೆ ಮುಂಚೆ ಹೆಲ್ಮೆಟ್ ಎಲ್ಲಿತ್ತು ಅಂತ ನಾನು ಗಮನಿಸಿಲ್ಲ.
>
> 5:36ಕ್ಕೆ ನಾನು 108ಕ್ಕೆ ಫೋನ್ ಮಾಡಿದೆ. ಕಾರಿನ ಚಾಲಕರು ಇಳಿದು ಬಂದು ಸವಾರರನ್ನು ನೆರಳಿಗೆ ಸರಿಸಲು ಕೈ ಜೋಡಿಸಿದರು. ಕಾರಿನ ಎಡ ಹೆಡ್‌ಲೈಟ್ ಒಡೆದಿದ್ದನ್ನು ನೋಡಿದೆ. ಕಾರಿನ ನಂಬರ್ ನನಗೆ ನೆನಪಿಲ್ಲ.

ಚಾಲಕರು ಇಳಿದು ಬಂದು ಕೈ ಜೋಡಿಸಿದ್ದು ಮೊದಲ ಹೇಳಿಕೆಯಲ್ಲಿ ಇರಲಿಲ್ಲ, ಗಮನಿಸಿದಿರಾ? ಸಿಟ್ಟಿನಲ್ಲಿ ಹೇಳಿದಾಗ ಬಿಟ್ಟುಹೋಗುವುದು ಇಂಥವೇ. "ಆಮೇಲೆ ಕಾರಿನವರು ಏನು ಮಾಡಿದರು?" ಅಂತ ಕೇಳಿದ್ದಕ್ಕೆ ಬಂತು. ಕುಡಿದ ಮಾತು ಯಾಕೆ ಹೋಯಿತು ಅಂದರೆ, ವಾಸನೆ ಬಂತಾ, ತೂರಾಡಿದರಾ ಅಂತ ಬಿಡಿಸಿ ಕೇಳಿದಾಗ ಆಕೆ ಎರಡಕ್ಕೂ ಇಲ್ಲ ಅಂದರು.

## ಹಂತ 8: ಓದಿ ಹೇಳಿ, ಹೋಲಿಸಿ, ಸಹಿ ಹಾಕಿಸಿ

ಹೊಸ ಹೇಳಿಕೆಯನ್ನು ಸಾಕ್ಷಿಗೆ ನಿಧಾನವಾಗಿ ಓದಿ ಹೇಳಿ. ಒಂದೊಂದು ಪ್ಯಾರಾ ಆದಮೇಲೆ ನಿಲ್ಲಿಸಿ. ಆಕೆ "ನಾನು ಹೀಗೆ ಹೇಳಿಲ್ಲ" ಅಂದ ಕಡೆ ತಿದ್ದಿ, ತಿದ್ದಿದ ಪಕ್ಕದಲ್ಲೇ ಚಿಕ್ಕ ಸಹಿ ಹಾಕಿಸಿ. ಪ್ರತಿ ಪುಟಕ್ಕೂ ಸಹಿ ಬೇಕು. ಹೆಬ್ಬೆಟ್ಟು ಒತ್ತುವವರಾದರೆ ಓದಿ ಹೇಳಿದವರ ಹೆಸರು, ಸಹಿ ಕೆಳಗೆ ಇರಲಿ. ಹೇಳಿಕೆ ಕೊಟ್ಟ ದಿನ, ಜಾಗ, "ಕನ್ನಡದಲ್ಲಿ ಓದಿ ಹೇಳಿದ್ದನ್ನು ಕೇಳಿ ಸರಿ ಇದೆ ಎಂದು ಒಪ್ಪಿದ್ದೇನೆ" ಅನ್ನುವ ಸಾಲು ಮರೆಯಬೇಡಿ. ಕಂಪನಿ ಕೇಳದಿದ್ದರೆ ಛಾಪಾ ಕಾಗದ, ನೋಟರಿ ಬೇಡ.

ಬರೆದುಕೊಂಡವರು ಯಾರು ಅನ್ನುವುದೂ ಹಾಳೆಯಲ್ಲಿ ಇರಲಿ. ನೀವು ಗಾಯಾಳುವಿನ ತಮ್ಮನೋ ಕಾರಿನ ಮಾಲೀಕರ ಮಗನೋ ಆಗಿದ್ದರೆ ಆದಷ್ಟು ಬೇರೆಯವರ ಕೈಲಿ ಬರೆಸಿ. ಆಗದಿದ್ದರೆ ಸಂಬಂಧವನ್ನು ಬರೆದುಬಿಡಿ. ಬಚ್ಚಿಟ್ಟು ಆಮೇಲೆ ಗೊತ್ತಾದರೆ ಹೇಳಿಕೆಯೇ ಕೆಡುತ್ತದೆ.

ಈಗ ಎಫ್‌ಐಆರ್, ಮಹಜರು ತೆಗೆದು ಹೋಲಿಸಿ. ಸಾಕ್ಷಿ ಪೊಲೀಸರ ಮುಂದೆ "ಕಾರು ವೇಗವಾಗಿ ಬಂದದ್ದು ನೋಡಿದೆ" ಅಂದಿದ್ದರೆ, ಇಲ್ಲಿ "ನೋಡಿಲ್ಲ" ಇದೆ. ಎರಡನ್ನೂ ಒಂದೇ ಥರ ಮಾಡಲು ಹೋಗಬೇಡಿ. ಸಾಕ್ಷಿಯನ್ನೇ ಕೇಳಿ. ಈಗಿನದ್ದೇ ಸರಿ ಅಂದರೆ, "ಪೊಲೀಸರ ಮುಂದೆ ಗಾಬರಿಯಲ್ಲಿ ಹೀಗೆ ಹೇಳಿದ್ದೆ, ನೆನೆಸಿಕೊಂಡರೆ ಕಾರನ್ನು ಮೊದಲು ನೋಡಿರಲಿಲ್ಲ" ಅಂತ ಆಕೆಯ ಮಾತಲ್ಲೇ ಒಂದು ಸಾಲು ಸೇರಿಸಿ. ಗಾಬರಿ ಅನ್ನುವ ಕಾರಣ ಆಕೆ ಹೇಳಿದ್ದರೆ ಮಾತ್ರ. ಪ್ರಕರಣ ನಡೆಯುತ್ತಿದ್ದರೆ ಇಂಥ ವ್ಯತ್ಯಾಸವನ್ನು ಸಹಿಗೆ ಮುಂಚೆ ವಕೀಲರಿಗೆ ತೋರಿಸುವುದು ಒಳ್ಳೆಯದು.

## ಸಹಿಗೆ ಮುಂಚೆ ಈ ಸೂಚನೆ ಕಂಡರೆ ನಿಲ್ಲಿಸಿ

ಇಬ್ಬರು ಸಾಕ್ಷಿಗಳ ಹೇಳಿಕೆಯಲ್ಲಿ ಒಂದೇ ವಾಕ್ಯ ಪದಕ್ಕೆ ಪದ ಬಂದಿದೆ ಅಂದರೆ ಒಂದನ್ನು ಇನ್ನೊಂದರಿಂದ ನಕಲು ಮಾಡಿದ್ದೀರಿ. ಎರಡನ್ನೂ ಬಿಸಾಕಿ ಮೊದಲಿಂದ ಕೇಳಿ.

ಹೇಳಿಕೆಯಲ್ಲಿ "ಗೊತ್ತಿಲ್ಲ", "ನೋಡಿಲ್ಲ", "ನೆನಪಿಲ್ಲ" ಒಂದು ಕಡೆಯೂ ಇಲ್ಲದಿದ್ದರೆ ಅನುಮಾನ ಪಡಿ. ಎಲ್ಲವನ್ನೂ ಕಂಡ ಸಾಕ್ಷಿ ಇರುವುದಿಲ್ಲ. ಎಳನೀರು ಕೊಚ್ಚುವ ಆಕೆ "ಸದರಿ ವಾಹನವು" ಅನ್ನತೊಡಗಿದರೂ ಅದು ಆಕೆಯ ಮಾತಲ್ಲ. ನಾಳೆ ಯಾರಾದರೂ "ಸದರಿ ಅಂದರೇನಮ್ಮ?" ಅಂತ ಕೇಳಿದರೆ ಅಲ್ಲಿಗೆ ಮುಗಿಯಿತು.

ಇನ್ವೆಸ್ಟಿಗೇಟರ್ ತಾನೇ ಬರೆದು ತಂದ ಹಾಳೆಗೋ ಖಾಲಿ ಹಾಳೆಗೋ ಸಹಿ ಕೇಳಿದರೆ ಹಾಕಬೇಡಿ. ಮೊದಲು ಗುರುತಿನ ಚೀಟಿ, ಕಂಪನಿಯ ಪತ್ರ ತೋರಿಸಲು ಹೇಳಿ. ದಾರಿಹೋಕ ಸಾಕ್ಷಿಗೆ ಕಂಪನಿಯ ಜೊತೆ ಯಾವ ಕರಾರೂ ಇಲ್ಲ, ಅವರ ಹಾಳೆಯಲ್ಲೇ ಹೇಳಬೇಕು ಅಂತಲೂ ಇಲ್ಲ. ಗಾಯಾಳುವಿಗೆ ನೆರವಾದದ್ದಕ್ಕೆ ತೊಂದರೆ ಆಗುತ್ತದೆ ಅಂತ ಸಾಕ್ಷಿ ಹೆದರಿದ್ದರೆ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಅಂಥವರಿಗೆ ರಕ್ಷಣೆ ಕೊಡುತ್ತದೆ ಅಂತ ತಿಳಿಸಿ.

ಕೊಟ್ಟ ಹೇಳಿಕೆಯ ಪ್ರತಿ ಪುಟದ ಫೋಟೋ ತೆಗೆದು ಸಾಕ್ಷಿಯ ಹತ್ತಿರವೂ ಒಂದು ಇರಲಿ. ತಲುಪಿದ್ದಕ್ಕೆ ಸಹಿ ಅಥವಾ ಇಮೇಲ್ ಉತ್ತರ ತೆಗೆದುಕೊಳ್ಳಿ. ವಾರ ಬಿಟ್ಟು ಆಕೆಗೆ ಇನ್ನೇನಾದರೂ ನೆನಪಾದರೆ ಹಳೆಯ ಹಾಳೆಯನ್ನು ಬದಲಾಯಿಸಬೇಡಿ. "ಹೆಚ್ಚುವರಿ ಹೇಳಿಕೆ" ಅಂತ ಬೇರೆ ಹಾಳೆಯಲ್ಲಿ ಬರೆಸಿ, ಅವತ್ತಿನ ದಿನಾಂಕ ಹಾಕಿಸಿ, ಹೇಗೆ ನೆನಪಾಯಿತು ಅನ್ನುವುದನ್ನೂ ಒಂದು ಸಾಲಿನಲ್ಲಿ ಸೇರಿಸಿ ಕಳಿಸಿ.